ಸೊಸೆಯ ಹುಟ್ಟುಹಬ್ಬಕ್ಕೆ ಅಮ್ಮನ ಹಾರೈಕೆ: ಕನ್ನಡದಿಂದ ಇಂಗ್ಲಿಷಿಗೆ ತರುವ ಬಗೆ

ಸಪ್ತಭಾಷೆಗಳ ನಾಡೆಂದು ಕರೆಸಿಕೊಳ್ಳುವ ಕಾಸರಗೋಡಿನಲ್ಲಿ ಸಂಬಂಧ ಬೆಳೆಸುವಾಗ ಭಾಷೆ ಅಡ್ಡ ಬರುವುದು ಕಡಿಮೆ. ಸೊಸೆ ಕಣ್ಣೂರಿನವಳಾದರೆ ಅತ್ತೆ ಮಲಯಾಳದಲ್ಲಿ ಹರಸುತ್ತಾರೆ, ಪುತ್ತೂರಿನ ಕಡೆಯವಳಾದರೆ ತುಳುವಿನಲ್ಲಿ ಮಾತನಾಡುತ್ತಾರೆ. ತೊಡಕು ಶುರುವಾಗುವುದು ಮಗ ದೂರದ ದೇಶದಲ್ಲಿ ಮದುವೆಯಾಗಿ, ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆ ತಿಳಿಯದ ಹುಡುಗಿ ಮನೆಯವಳಾದಾಗ. ಕನ್ನಡ ಮಾಧ್ಯಮದಲ್ಲಿ ಓದಿದ ಅಮ್ಮ ಹುಟ್ಟುಹಬ್ಬದ ಹಾರೈಕೆಯನ್ನು ಚೆಂದದ ಕನ್ನಡದಲ್ಲಿ ಬರೆದು, "ಇದನ್ನು ಇಂಗ್ಲಿಷಿಗೆ ಮಾಡಿ ಕಳಿಸು" ಎಂದು ಮಗನ ಕೈಗೋ ಮಗಳ ಕೈಗೋ ಕೊಡುತ್ತಾರೆ. ಮಕ್ಕಳು ಮಾಡಿದ ಅನುವಾದದಲ್ಲಿ ವ್ಯಾಕರಣದ ತಪ್ಪಿರುವುದಿಲ್ಲ, ಆದರೆ ಅಮ್ಮ ಮಾತ್ರ ಅದರಲ್ಲಿ ಕಾಣಿಸುವುದಿಲ್ಲ. ಎಲ್ಲಿ ತಪ್ಪಿತು ಎಂಬ ಪ್ರಶ್ನೆಯನ್ನು ನನ್ನಲ್ಲಿ ಬಹಳ ಮಂದಿ ಕೇಳಿದ್ದಾರೆ. ಅವರಿಗೆಲ್ಲ ಒಟ್ಟಾಗಿ ಉತ್ತರ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಒಂದೇ ಸಂದರ್ಭವನ್ನು ತೆಗೆದುಕೊಂಡು ಕೊನೆಯವರೆಗೆ ನೋಡೋಣ: ಬದಿಯಡ್ಕದ ಕಡೆಯ ಅಮ್ಮ ಬರೆಯುವವರು, ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಸೊಸೆ ಓದುವವಳು, ಅನುವಾದಿಸುವವರು ನೀವು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಅದಕ್ಕೆ ಕಾರಣವಿದೆ. ಕೊನೆಯಲ್ಲಿ ಅಮ್ಮನೇ ಅವುಗಳನ್ನು ಓದಿ ಧ್ವನಿಯಲ್ಲಿ ಕಳುಹಿಸಬೇಕಾಗಬಹುದು, ಆಗ ಅವರಿಗೆ ಈ ಲಿಪಿಯೇ ಅನುಕೂಲ.

ಕೆಲಸಕ್ಕೆ ಬೇಕಾದದ್ದು ಅಮ್ಮನ ಮೂಲ ಬರಹ, ಪಕ್ಕದಲ್ಲಿ ಅಮ್ಮ, ಮತ್ತು ಎರಡು ಬಾರಿ ಕುಳಿತುಕೊಳ್ಳುವಷ್ಟು ಸಮಯ. ಹುಟ್ಟುಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಮಾಡುವ ಕೆಲಸ ಇದಲ್ಲ. ಮೂರು ನಾಲ್ಕು ದಿನ ಮೊದಲೇ ಕರಡು ತಯಾರಾಗಿದ್ದರೆ ಒಂದು ರಾತ್ರಿ ಬಿಟ್ಟು ಮತ್ತೆ ಓದಬಹುದು.

1. ಮೊದಲು ಮೂಲವನ್ನು ಸರಿಯಾಗಿ ಪಡೆಯಿರಿ

ಅಮ್ಮನಿಂದ ಮಾತನ್ನು ಪಡೆಯುವ ರೀತಿಯಲ್ಲೇ ಅರ್ಧ ಅನುವಾದ ನಿರ್ಧಾರವಾಗುತ್ತದೆ. ಅವರು ನಿಮ್ಮೊಡನೆ ಸೊಸೆಯ ಬಗ್ಗೆ ಹೇಳಿದ್ದನ್ನು ಅನುವಾದಿಸಬೇಡಿ, ಸೊಸೆಗೇ ನೇರವಾಗಿ ಹೇಳುವಂತೆ ಹೇಳಿಸಿ ಬರೆದುಕೊಳ್ಳಿ. "ಅದಕ್ಕೆ ಹೇಳು, ಚಳಿಗೆ ಜಾಗ್ರತೆ ಮಾಡಲಿ" ಎಂದು ಅಮ್ಮ ಅಂದರೆ ಅದು ನಿಮಗೆ ಕೊಟ್ಟ ಸಂದೇಶವೇ ಹೊರತು ಸೊಸೆಗೆ ಬರೆದ ಪತ್ರವಲ್ಲ. ಇಲ್ಲಿ ಇನ್ನೊಂದು ಬಲೆಯೂ ಇದೆ. ನಮ್ಮ ಹವ್ಯಕ ಮಾತಿನಲ್ಲಿ ಮಗಳನ್ನೂ ಸೊಸೆಯನ್ನೂ 'ಅದು' ಎಂದೇ ಹೇಳುತ್ತೇವೆ, ಅದರಲ್ಲಿ ಸಲಿಗೆ ಇರುತ್ತದೆ. ಹೊರಗಿನವರ ಕೈಗೆ ಈ ಮಾತು ಸಿಕ್ಕಿದರೆ ಅದು ಇಂಗ್ಲಿಷಿನಲ್ಲಿ ವಸ್ತುವಿಗೆ ಹೇಳುವ 'ಇಟ್' ಆಗಿಬಿಡುತ್ತದೆ. ನೇರವಾಗಿ 'ನೀನು' ಎಂದು ಹೇಳಿಸಿದರೆ ಈ ತೊಂದರೆ ಬರುವುದೇ ಇಲ್ಲ.

ಎರಡನೆಯದಾಗಿ, ಮೂಲದಲ್ಲಿ ಸೊಸೆಗೆ ಮಾತ್ರ ಸಲ್ಲುವ ಒಂದು ಸಂಗತಿಯಾದರೂ ಇರಬೇಕು. ಹಾರೈಕೆಯ ಮಾತುಗಳು ಯಾವ ಭಾಷೆಯಲ್ಲಿಯೂ ಎಲ್ಲರಿಗೂ ಒಂದೇ. ಇಬ್ಬರೂ ಒಟ್ಟಿಗೆ ಮಾಡಿದ ಒಂದು ಕೆಲಸ, ಅವಳು ಆಡಿದ ಒಂದು ಮಾತು, ಇವು ಬೇರೆ ಯಾರಿಗೂ ಸೇರಿದವಲ್ಲ. ಅಮ್ಮ ಬರೆಯದಿದ್ದರೆ ಕೇಳಿ: "ಅವಳು ಊರಿಗೆ ಬಂದಾಗಿನದ್ದು ಏನು ನೆನಪಾಗುತ್ತದೆ?"

ನಾವು ನೋಡಲಿರುವ ಮೂಲ ಹೀಗಿದೆ. ಮನೆಯಲ್ಲಿ ಆಡುವುದು ಹವ್ಯಕ ಕನ್ನಡವಾದರೂ ಬರೆಯುವಾಗ ನಮ್ಮವರ ಕೈ ಶಾಲೆಯ ಕನ್ನಡಕ್ಕೇ ಹೋಗುತ್ತದೆ. ಒಂದೆರಡು ಮನೆಮಾತುಗಳು ಮಾತ್ರ ನಡುವೆ ಉಳಿಯುತ್ತವೆ.

"ಕೂಸೇ, ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಹುಟ್ಟುಹಬ್ಬಕ್ಕೆ ನನ್ನ ಆಶೀರ್ವಾದ. ದೇವರು ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ. ನಗುನಗುತ್ತಾ ನೂರ್ಕಾಲ ಬಾಳು. ನೀನು ಬಂದ ಮೇಲೆ ನಮ್ಮ ಮನೆ ತುಂಬಿತು. ಕಳೆದ ವರ್ಷ ಅಂಗಳದಲ್ಲಿ ನನ್ನೊಟ್ಟಿಗೆ ಕೂತು ಹಪ್ಪಳ ಒತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊತ್ತು ಹೊತ್ತಿಗೆ ಊಟ ಮಾಡು, ನಿದ್ದೆಗೆಡಬೇಡ, ಚಳಿಗೆ ಜಾಗ್ರತೆ. ಮಧೂರಿಗೆ ಹೋಗಿ ನಿನ್ನ ಹೆಸರಿನಲ್ಲಿ ಸೇವೆ ಮಾಡಿಸಿ ಅಪ್ಪ ಪ್ರಸಾದ ತಂದೆ. ಬೇಗ ಬಾ. ನನ್ನ ಮಾತಿನಲ್ಲಿ ತಪ್ಪಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ."

2. ಪ್ರತಿ ವಾಕ್ಯ ಏನು ಮಾಡುತ್ತಿದೆ ಎಂದು ಗುರುತು ಹಾಕಿ

ಇಂಗ್ಲಿಷ್ ಪದಗಳನ್ನು ಹುಡುಕುವ ಮೊದಲು ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲಿ ಒಂದೊಂದು ಕ್ರಿಯೆಯನ್ನು ಬರೆಯಿರಿ: ಕರೆಯುವುದು, ಹರಸುವುದು, ನೆನೆಯುವುದು, ಕಾಳಜಿ ತೋರಿಸುವುದು, ಕರೆ ಕೊಡುವುದು, ಸಂಕೋಚ ಪಡುವುದು. ಮೇಲಿನ ಮೂಲದಲ್ಲಿ "ಕಾಪಾಡಲಿ", "ಬಾಳು" ಎಂಬವು ಹರಸುವ ಮಾತುಗಳು. "ಊಟ ಮಾಡು", "ನಿದ್ದೆಗೆಡಬೇಡ" ಎಂಬವು ಕಾಳಜಿ. "ಬೇಗ ಬಾ" ಎಂಬುದು ಕರೆ.

ಈ ಗುರುತುಗಳನ್ನು ಹಾಕದೆ ಮುಂದೆ ಹೋಗಬಾರದೆಂದು ನಾನು ಹೇಳುವುದಕ್ಕೆ ಕನ್ನಡ ವ್ಯಾಕರಣದಲ್ಲೇ ಕಾರಣವಿದೆ. ಶಾಲೆಯಲ್ಲಿ 'ವಿಧ್ಯರ್ಥ' ಎಂದು ಓದಿದ್ದು ನೆನಪಿರಬಹುದು. ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆ ಇವೆಲ್ಲಕ್ಕೂ ಕ್ರಿಯಾಪದ ತಳೆಯುವ ಒಂದೇ ಬಗೆಯ ರೂಪಕ್ಕೆ ವಿಧ್ಯರ್ಥ ಎಂದು ಹೆಸರು. "ಬಾಗಿಲು ಹಾಕು" ಎಂಬ ಅಪ್ಪಣೆಗೂ "ನೂರ್ಕಾಲ ಬಾಳು" ಎಂಬ ಹರಕೆಗೂ ಕನ್ನಡದಲ್ಲಿ ರೂಪ ಒಂದೇ. ಅದು ಅಪ್ಪಣೆಯೋ ಹರಕೆಯೋ ಎಂಬುದು ನಮಗೆ ತಿಳಿಯುವುದು ಹೇಳಿದವರ ದನಿಯಿಂದ, ಹಿರಿತನದಿಂದ, ಸಂದರ್ಭದಿಂದ. ಇಂಗ್ಲಿಷ್ ಹರಕೆಯನ್ನೂ ಅಪ್ಪಣೆಯನ್ನೂ ಸಾಮಾನ್ಯವಾಗಿ ಬೇರೆ ಬೇರೆ ವಾಕ್ಯಗಳಲ್ಲಿ ಹೇಳುತ್ತದೆ. ಆದ್ದರಿಂದ ನಮ್ಮ ರೂಪವನ್ನು ಹಾಗೆಯೇ ದಾಟಿಸಿದರೆ ಅಮ್ಮನ ಹರಕೆಯೆಲ್ಲ ಅಪ್ಪಣೆಗಳ ಸಾಲಾಗುತ್ತದೆ. ಅನುವಾದದಲ್ಲಿ ಬೆಚ್ಚಗಿನ ಭಾವ ಆರಿಹೋಗುವುದು ಹೆಚ್ಚಾಗಿ ಇದೇ ಜಾಗದಲ್ಲಿ, ಪದಗಳ ಕೊರತೆಯಿಂದಲ್ಲ.

3. ಕರೆಯುವ ಮಾತು

"ಡಿಯರ್ ಡಾಟರ್ ಇನ್ ಲಾ" ಎಂದು ಶುರುಮಾಡಬೇಡಿ. 'ಸೊಸೆ' ಎಂಬ ನಮ್ಮ ಪದದಲ್ಲಿ ಒಂದು ಸ್ಥಾನವಿದೆ. ಇಂಗ್ಲಿಷಿನ 'ಇನ್ ಲಾ' ಎಂಬುದಕ್ಕೆ ಹುಟ್ಟು ಕ್ರೈಸ್ತ ಚರ್ಚಿನ ಕಾನೂನಿನಲ್ಲಿ. ಯಾರು ಯಾರನ್ನು ಮದುವೆಯಾಗಬಾರದು ಎಂದು ಹೇಳುವ ನಿಯಮಗಳಿಂದ ಬಂದ ಮಾತದು. ಅದು ಸಂಬಂಧವನ್ನು ಮೂರನೆಯವರಿಗೆ ವಿವರಿಸಲು ಬಳಸುವ ಪದ, ಆ ವ್ಯಕ್ತಿಯನ್ನೇ ಕರೆಯುವ ಪದವಲ್ಲ. ಬರಿಯ 'ಡಿಯರ್' ಕೂಡ ಅಷ್ಟೇ: ವಿದ್ಯುತ್ ಬಿಲ್ಲಿನ ಜೊತೆ ಬರುವ ಪತ್ರವೂ 'ಡಿಯರ್' ಎಂದೇ ಆರಂಭವಾಗುತ್ತದೆ. ಹೆಸರಿನ ಹಿಂದೆ 'ಮೈ ಡಿಯರ್' ಎಂದು ಹಾಕಿದರೆ ಮಾತು ಕೂಡಲೇ ಹತ್ತಿರ ಬರುತ್ತದೆ.

"ಯು ಆರ್ ಲೈಕ್ ಅವರ್ ಡಾಟರ್" ಎಂದು ಬರೆಯುವವರೂ ಇದ್ದಾರೆ. ಇಲ್ಲಿ 'ಲೈಕ್' ಎಂಬುದು 'ಹಾಗೆ, ಆದರೆ ಅಲ್ಲ' ಎಂಬ ಅಂತರವನ್ನು ಇಟ್ಟೇ ಇರುತ್ತದೆ. ಹೇಳಲೇಬೇಕಿದ್ದರೆ "ಯು ಆರ್ ಎ ಡಾಟರ್ ಟು ಮಿ" ಎಂಬುದು ಗಟ್ಟಿ. ಆದರೆ ಸೊಸೆಯ ಹೆತ್ತ ತಾಯಿ ಇತ್ತೀಚೆಗೆ ತೀರಿಹೋಗಿದ್ದರೆ, ಅಥವಾ ತಾಯಿ ಮಗಳ ನಡುವೆ ಮಾತು ನಿಂತಿದ್ದರೆ, ಈ ವಾಕ್ಯವನ್ನು ಬರೆಯುವ ಮೊದಲು ಮಗನನ್ನು ಕೇಳಿ.

ನಮ್ಮ ಮೂಲದಲ್ಲಿ ಇದಕ್ಕಿಂತ ಒಳ್ಳೆಯ ಪದವೇ ಇದೆ: 'ಕೂಸು'. ಘಟ್ಟದ ಮೇಲಿನ ಓದುಗರಿಗೆ ಹೇಳಬೇಕೆಂದರೆ, ಇಲ್ಲಿನ ಹವ್ಯಕರಲ್ಲಿ ಕೂಸು ಎಂದರೆ ಹಸುಳೆ ಮಾತ್ರವಲ್ಲ, ಮನೆಯ ಹುಡುಗಿ, ಹುಡುಗ 'ಮಾಣಿ'. ಮೂವತ್ತರ ಹೆಣ್ಣುಮಗಳೂ ಅಮ್ಮನಿಗೆ ಕೂಸೇ. ಇದನ್ನು 'ಬೇಬಿ' ಎಂದೋ 'ಚೈಲ್ಡ್' ಎಂದೋ ಮಾಡಿದರೆ ಇಂಗ್ಲಿಷಿನಲ್ಲಿ ವಿಚಿತ್ರವಾಗುತ್ತದೆ. ಪದವನ್ನು ಹಾಗೆಯೇ ಉಳಿಸಿ, ವಾಕ್ಯದೊಳಗೇ ಬಿಡಿಸಿ ಹೇಳಿ: "ಇನ್ ಅವರ್ ಹೌಸ್ ವಿ ಕಾಲ್ ಅವರ್ ಗರ್ಲ್ಸ್ ಕೂಸು, ಆ್ಯಂಡ್ ಯು ಆರ್ ಅವರ್ ಕೂಸು." ಅವಳನ್ನು ಮಗಳ ಸಾಲಿನಲ್ಲಿ ಕೂರಿಸುವ ಕೆಲಸವನ್ನು ಈ ಒಂದು ವಾಕ್ಯ ಮಾಡಿಬಿಡುತ್ತದೆ, 'ಲೈಕ್' ಬೇಕಾಗುವುದಿಲ್ಲ. ಹೀಗೆ ಉಳಿಸುವ ಪದ ಒಂದು, ಹೆಚ್ಚೆಂದರೆ ಎರಡು ಇರಲಿ. ಮೂರನೆಯದಕ್ಕೆ ಹೋದರೆ ಓದುವವಳಿಗೆ ಸಂದೇಶಕ್ಕಿಂತ ಪದಕೋಶ ಹೆಚ್ಚಾಗುತ್ತದೆ.

4. ಹರಸುವ ವಾಕ್ಯಗಳು

'ಕಾಪಾಡಲಿ', 'ಬೆಳಗಲಿ', 'ಸಿಗಲಿ' ಎಂಬ 'ಲಿ' ಕೊನೆಗೆ ಬರುವ ರೂಪಗಳಿಗೆಲ್ಲ ನಾವು 'ಮೇ' ಎಂದು ಹಾಕುತ್ತೇವೆ. ತಪ್ಪಲ್ಲ. ಆದರೆ ಕನ್ನಡದಲ್ಲಿ ದಿನಕ್ಕೆ ಹತ್ತು ಬಾರಿ ಬಾಯಿಗೆ ಬರುವ ಆ 'ಲಿ'ಗೂ ಇಂಗ್ಲಿಷಿನ 'ಮೇ'ಗೂ ತೂಕ ಸಮನಾಗಿಲ್ಲ. 'ಮೇ' ಎಂದು ಆರಂಭವಾಗುವ ಹಾರೈಕೆಯಲ್ಲಿ ಪ್ರಾರ್ಥನಾಮಂದಿರದ ಗಾಂಭೀರ್ಯ ಇರುತ್ತದೆ. ಒಂದು ಬಂದರೆ ಹಿರಿಯರ ಹರಕೆಯಂತೆ ಕೇಳುತ್ತದೆ, ಒಪ್ಪುತ್ತದೆ. ಸಾಲಾಗಿ ನಾಲ್ಕು ಬಂದರೆ ಯಾರೋ ವೇದಿಕೆಯ ಮೇಲೆ ನಿಂತು ಓದಿದಂತಾಗುತ್ತದೆ. ಆದ್ದರಿಂದ ಒಂದು ಸಂದೇಶಕ್ಕೆ ಒಂದೇ 'ಮೇ' ಎಂದು ನಿಯಮ ಇಟ್ಟುಕೊಳ್ಳಿ. ಅದನ್ನು ದೇವರ ಹೆಸರು ಬರುವ ವಾಕ್ಯಕ್ಕೆ ಮೀಸಲಿಡಿ, ಉಳಿದವನ್ನು 'ಐ ಹೋಪ್', 'ಐ ವಿಶ್' ಎಂಬ ರೂಪಗಳಿಗೆ ತನ್ನಿ. ಈ ರೂಪಗಳಲ್ಲಿ 'ನಾನು' ಬರುತ್ತದೆ ಎಂಬುದನ್ನು ಗಮನಿಸಿ. ಕನ್ನಡದ ಹರಕೆಯಲ್ಲಿ ಹರಸುವವರು ತೆರೆಯ ಹಿಂದೆ ಇರುತ್ತಾರೆ, ಇಂಗ್ಲಿಷಿನಲ್ಲಿ ಎದುರಿಗೆ ಬಂದು ನಿಲ್ಲಬೇಕಾಗುತ್ತದೆ.

ಈಗ ಒಂದೊಂದೇ ನೋಡೋಣ. "ಆಯುರಾರೋಗ್ಯ ಐಶ್ವರ್ಯ" ಎಂಬುದು ನಮಗೆ ಒಂದೇ ಉಸಿರಿನ ಮಾತು. ಹೇಳುವವರಾಗಲಿ ಕೇಳುವವರಾಗಲಿ ಅದರೊಳಗಿನ ಐಶ್ವರ್ಯವನ್ನು ಬಿಡಿಸಿ ಎಣಿಸುವುದಿಲ್ಲ. "ಲಾಂಗ್ ಲೈಫ್, ಹೆಲ್ತ್ ಆ್ಯಂಡ್ ವೆಲ್ತ್" ಎಂದರೆ ಕೊನೆಯ ಪದ ಮಾತ್ರ ಮೇಲೆದ್ದು ಕಾಣುತ್ತದೆ, ಅತ್ತೆ ದುಡ್ಡಿನ ಮಾತು ಏಕೆ ತೆಗೆದರು ಎನಿಸಬಹುದು. 'ಪ್ರಾಸ್ಪೆರಿಟಿ' ಎಂದರೆ ವ್ಯಾಪಾರದ ವಾಸನೆ. ಇಲ್ಲಿ ಐಶ್ವರ್ಯದ ಕೆಲಸ 'ಏನೂ ಕೊರತೆಯಾಗದಿರಲಿ' ಎನ್ನುವುದಷ್ಟೇ. ಆದುದರಿಂದ "ಮೇ ಗಾಡ್ ಕೀಪ್ ಯು ವೆಲ್, ಆ್ಯಂಡ್ ಮೇಕ್ ಶ್ಯೂರ್ ಯು ನೆವರ್ ಗೋ ಶಾರ್ಟ್ ಆಫ್ ಎನಿಥಿಂಗ್" ಎಂದರೆ ಸಾಕು.

"ನೂರ್ಕಾಲ ಬಾಳು" ಎಂಬುದಕ್ಕೆ "ಲಿವ್ ಫಾರ್ ಎ ಹಂಡ್ರೆಡ್ ಇಯರ್ಸ್" ಎಂದು ಬರೆದರೆ ಮೇಲೆ ಹೇಳಿದ ಅಪ್ಪಣೆಯ ದೋಷ ಬರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲೇ ಒಂದು ಹಳೆಯ ಸಮಾನ ಮಾತಿದೆ, ನಾವು ಅದನ್ನು ಶಾಲೆಯಲ್ಲಿ ಕಲಿತು ಅರ್ಥ ಮರೆತಿದ್ದೇವೆ: "ಮೆನಿ ಹ್ಯಾಪಿ ರಿಟರ್ನ್ಸ್". ಈ ದಿನ ಇನ್ನೂ ಹಲವು ಬಾರಿ ಸಂತೋಷದಿಂದ ಮರಳಿ ಬರಲಿ ಎಂದು ಅದರ ಅರ್ಥ, ಅಂದರೆ ದೀರ್ಘಾಯುಸ್ಸಿನ ಹಾರೈಕೆಯೇ. ಈಗ ಅದು ಸ್ವಲ್ಪ ಹಳೆಯ ಕಾಲದ ಮಾತಿನಂತೆ ಕೇಳುತ್ತದೆ, ಆದರೆ ಅತ್ತೆಯ ಬಾಯಲ್ಲಿ ಆ ಹಳೆತನ ಶೋಭಿಸುತ್ತದೆ. ನಮ್ಮಲ್ಲಿ ರೂಢಿಯಾದ "ಮೆನಿ ಮೋರ್ ಹ್ಯಾಪಿ ರಿಟರ್ನ್ಸ್ ಆಫ್ ದ ಡೇ" ಎಂಬ ಉದ್ದದ ರೂಪದಲ್ಲಿ 'ಮೋರ್' ಬೇಡ.

"ನಗುನಗುತ್ತಾ" ಎಂಬ ಜೋಡಿ ಪದವನ್ನು ಇಂಗ್ಲಿಷ್ ಹಾಗೆ ಜೋಡಿಸುವುದಿಲ್ಲ. 'ಕೀಪ್ ಸ್ಮೈಲಿಂಗ್' ಎಂಬುದು ಕೈಗೆ ಸಿಗುವ ಮೊದಲ ಮಾತು, ಆದರೆ ಅದನ್ನು ಹೆಚ್ಚಾಗಿ ಹೇಳುವುದು ಕಷ್ಟದಲ್ಲಿರುವವರಿಗೆ ಧೈರ್ಯ ತುಂಬಲು. ನಗುವಂತೆ ಅವಳಿಗೆ ಹೇಳುವ ಬದಲು ನಗುವ ಕಾರಣಗಳು ಸಿಗಲಿ ಎಂದು ಹಾರೈಸಿ: "ಐ ಹೋಪ್ ದಿಸ್ ಇಯರ್ ಗಿವ್ಸ್ ಯು ಪ್ಲೆಂಟಿ ಟು ಲಾಫ್ ಅಬೌಟ್."

ಇನ್ನು "ಮನೆ ತುಂಬಿತು." ಹೊಸ್ತಿಲ ಮೇಲಿನ ಅಕ್ಕಿ ತುಂಬಿದ ಪಾತ್ರೆ, ಬಲಗಾಲಿಟ್ಟು ಒಳಗೆ ಬಂದ ಮದುಮಗಳು, ಇವನ್ನು ಕಂಡವರಿಗೆ 'ಮನೆ ತುಂಬಿಸಿಕೊಳ್ಳುವುದು' ಎಂಬ ಶಾಸ್ತ್ರವೇ ಈ ಮಾತಿನ ಹಿಂದೆ ನಿಂತಿರುವುದು ಗೊತ್ತು. "ಅವರ್ ಹೌಸ್ ಬಿಕೇಮ್ ಫುಲ್" ಎಂದರೆ ಇಂಗ್ಲಿಷ್ ಓದುಗರಿಗೆ ಮನೆಯಲ್ಲಿ ಜಾಗವಿಲ್ಲದಂತಾಯಿತು ಎಂದಾಗುತ್ತದೆ, ಅಂದರೆ ಅರ್ಥವೇ ತಿರುಗುತ್ತದೆ. 'ಹೌಸ್' ಗೋಡೆ ಮಾಡುಗಳ ಕಟ್ಟಡ, 'ಹೋಮ್' ಅದರೊಳಗಿನ ಬದುಕು. ನಮ್ಮ 'ಮನೆ' ಎರಡೂ ಹೌದು. "ಅವರ್ ಹೋಮ್ ಹ್ಯಾಸ್ ಫೆಲ್ಟ್ ಕಂಪ್ಲೀಟ್ ಸಿನ್ಸ್ ಯು ಕೇಮ್ ಇಂಟು ಇಟ್" ಎಂಬಲ್ಲಿ ಶಾಸ್ತ್ರ ಉಳಿಯುವುದಿಲ್ಲ, ಆದರೆ ಇಷ್ಟು ದಿನ ಏನೋ ಕೊರತೆಯಿತ್ತು, ಅದು ನೀಗಿತು ಎಂಬ ಭಾವ ಉಳಿಯುತ್ತದೆ. ಶಾಸ್ತ್ರವನ್ನು ವಿವರಿಸಲು ಹೋಗಬೇಡಿ, ಹುಟ್ಟುಹಬ್ಬದ ದಿನ ಅದಕ್ಕೆ ತಕ್ಕದ್ದಲ್ಲ.

5. ಕಾಳಜಿಯ ಅಪ್ಪಣೆಗಳು

ಅತ್ಯಂತ ಹೆಚ್ಚು ಎಚ್ಚರ ಬೇಕಾದ ಹಂತ ಇದು. "ಹೊತ್ತು ಹೊತ್ತಿಗೆ ಊಟ ಮಾಡು, ನಿದ್ದೆಗೆಡಬೇಡ, ಚಳಿಗೆ ಜಾಗ್ರತೆ" ಎಂಬುದನ್ನು "ಈಟ್ ಆನ್ ಟೈಮ್, ಡೋಂಟ್ ಲೂಸ್ ಸ್ಲೀಪ್, ಬಿ ಕೇರ್‌ಫುಲ್ ಆಫ್ ದ ಕೋಲ್ಡ್" ಎಂದು ಮಾಡಿದ ಅನುವಾದಗಳನ್ನು ಬಹಳ ನೋಡಿದ್ದೇನೆ. ನಮ್ಮಲ್ಲಿ "ಉಣ್ಣು, ಮಲಗು" ಎಂದು ಹೇಳುವ ಹಕ್ಕು ಇರುವುದು ನಮ್ಮವರಿಗೆ ಮಾತ್ರ, ಹೇಳಿಸಿಕೊಳ್ಳುವುದರಲ್ಲೇ ಸುಖವಿದೆ. ಇಂಗ್ಲಿಷಿನಲ್ಲಿ ಬೆಳೆದ ಸೊಸೆಗೆ ಅದೇ ಮಾತು, ತಾನು ಸಂಸಾರ ನಡೆಸುವ ರೀತಿ ಅತ್ತೆಗೆ ಸರಿ ಕಂಡಿಲ್ಲ ಎಂಬಂತೆ ಕೇಳಬಹುದು.

ಹಾಗೆಂದು ಕಾಳಜಿಯನ್ನೇ ಅಳಿಸಿಬಿಡುವುದು ಇನ್ನೊಂದು ತುದಿಯ ತಪ್ಪು. ಅಮ್ಮನ ಬರಹದಲ್ಲಿ ಪ್ರೀತಿ ಹೆಚ್ಚಾಗಿ ನೆಲೆಸಿರುವುದು ಈ ವಾಕ್ಯಗಳಲ್ಲೇ. 'ಪ್ರೀತಿ' ಎಂಬ ಪದವನ್ನು ಅವರು ಮೂಲದಲ್ಲಿ ಒಮ್ಮೆಯೂ ಬಳಸಿಲ್ಲ. ಹೀಗೆ ಮಾಡಿ. ಅಪ್ಪಣೆಯ ಹಿಂದೆ ಅಮ್ಮನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಕೊಳ್ಳಿ, ಆ ಮನಸ್ಸನ್ನೇ ವಾಕ್ಯ ಮಾಡಿ. "ಊಟ ಮಾಡು" ಎನ್ನುವ ಅಮ್ಮನ ಮನಸ್ಸಿನಲ್ಲಿರುವುದು, ತಾನು ಹತ್ತಿರವಿದ್ದಿದ್ದರೆ ಬಡಿಸುತ್ತಿದ್ದೆ ಎಂಬ ಆಸೆ. "ಚಳಿಗೆ ಜಾಗ್ರತೆ" ಎನ್ನುವಾಗ ಅವರು ಆ ಚಳಿಯಲ್ಲಿ ಅವಳನ್ನು ನೆನೆಯುತ್ತಿದ್ದಾರೆ. ಹಾಗಾಗಿ: "ಐ ಥಿಂಕ್ ಆಫ್ ಯು ಇನ್ ದ್ಯಾಟ್ ಕೋಲ್ಡ್, ಆ್ಯಂಡ್ ಐ ವಿಶ್ ಐ ಕುಡ್ ಪುಟ್ ಎ ಹಾಟ್ ಮೀಲ್ ಇನ್ ಫ್ರಂಟ್ ಆಫ್ ಯು ಟುಡೇ." ಮೂರು ಅಪ್ಪಣೆಗಳು ಒಂದು ವಾಕ್ಯವಾದವು. ನಿದ್ದೆಯ ಮಾತು ಬಿಟ್ಟುಹೋಯಿತು, ಅದರಿಂದ ನಷ್ಟವಿಲ್ಲ.

ಎಲ್ಲ ಅಪ್ಪಣೆಗಳನ್ನೂ ಹೀಗೆ ಬದಲಿಸಬೇಕಾಗಿಲ್ಲ. "ಬೇಗ ಬಾ" ಎಂಬುದು "ಕಮ್ ಹೋಮ್ ಸೂನ್" ಎಂದೇ ಇರಲಿ. ಈ ಅಪ್ಪಣೆಯಲ್ಲಿ ಅವಳ ಕೊರತೆಯ ಸುಳಿವಿಲ್ಲ, ಅಮ್ಮನ ಹಂಬಲ ಮಾತ್ರ ಇದೆ. ಒರೆಗೆ ಹಚ್ಚುವ ಪ್ರಶ್ನೆ ಇಷ್ಟೇ: ಈ ವಾಕ್ಯ 'ನೀನು ಸರಿಯಾಗಿ ಮಾಡುತ್ತಿಲ್ಲ' ಎಂದು ಹೇಳಬಲ್ಲುದೇ, ಇಲ್ಲ 'ನನಗೆ ನೀನು ಬೇಕು' ಎಂದು ಹೇಳುತ್ತದೆಯೇ? ಎರಡನೆಯದಾದರೆ ಮುಟ್ಟಬೇಡಿ. ಅಂದ ಹಾಗೆ, "ಕಮ್ ಹೋಮ್" ಎಂಬಲ್ಲಿನ 'ಹೋಮ್' ಅಮ್ಮನ ಮನೆಯನ್ನು ಅವಳ ಮನೆಯೆಂದೂ ಹೇಳುತ್ತದೆ, ಮೂಲದಲ್ಲಿ ಇಲ್ಲದಿದ್ದರೂ ಅಮ್ಮ ಒಪ್ಪುವ ಮಾತದು.

ಎರಡು ವಾಕ್ಯಗಳನ್ನು ಮಾತ್ರ ಅಮ್ಮನ ಒಪ್ಪಿಗೆ ಪಡೆದು ಬಿಟ್ಟುಬಿಡಿ. ಒಂದು, "ತಪ್ಪಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂಬ ಸಂಕೋಚದ ಮಾತು. ನಮ್ಮಲ್ಲಿ ಅದು ಪತ್ರ ಮುಗಿಸುವ ವಿನಯ. ಇಂಗ್ಲಿಷಿನಲ್ಲಿ ಓದಿದವಳು ಹಿಂದಕ್ಕೆ ಹೋಗಿ, ಅತ್ತೆ ಯಾವುದಕ್ಕೆ ಕ್ಷಮೆ ಕೇಳಿದರು ಎಂದು ಹುಡುಕತೊಡಗುತ್ತಾಳೆ. ಇನ್ನೊಂದು ನಮ್ಮ ಮೂಲದಲ್ಲಿ ಇಲ್ಲ, ಆದರೆ ಅನೇಕ ಪತ್ರಗಳಲ್ಲಿ ಇರುತ್ತದೆ: "ಬೇಗ ಸಿಹಿಸುದ್ದಿ ಕೊಡು." ಮಗುವಿನ ವಿಷಯದಲ್ಲಿ ಅವರಿಬ್ಬರ ನಡುವೆ ಏನು ನಡೆದಿದೆ ಎಂದು ನಿಮಗೂ ತಿಳಿಯದು, ಅಮ್ಮನಿಗೂ ತಿಳಿಯದು. ಎಷ್ಟು ಮೃದುವಾಗಿ ಅನುವಾದಿಸಿದರೂ ಈ ಮಾತು ನೋಯಿಸಬಲ್ಲುದು.

6. ನೆನಪು ಮತ್ತು ದೇವರು

ಹಪ್ಪಳದ ವಾಕ್ಯ ಅನುವಾದಕ್ಕೆ ಅತ್ಯಂತ ಸುಲಭ, ಏಕೆಂದರೆ ಕಣ್ಣಿಗೆ ಕಾಣುವ ಚಿತ್ರ ಯಾವ ಭಾಷೆಯಲ್ಲೂ ಚಿತ್ರವೇ. ಒಂದು ಎಚ್ಚರ ಮಾತ್ರ ಸಾಕು. ಹಪ್ಪಳವನ್ನು 'ಪಾಪಡಮ್' ಎಂದು ಮಾಡಬೇಡಿ. ಇಂಗ್ಲೆಂಡಿನವರಿಗೆ ಆ ಪದ ಭಾರತೀಯ ಹೋಟೆಲಿನಲ್ಲಿ ಊಟಕ್ಕೆ ಮೊದಲು ತಂದಿಡುವ ತಟ್ಟೆಯನ್ನು ನೆನಪಿಸುತ್ತದೆ, ಬೇಸಗೆಯಲ್ಲಿ ಹಲಸಿನಕಾಯಿ ಬೇಯಿಸಿ ಅರೆದು ಉಂಡೆ ಮಾಡಿ ಒತ್ತಿದ್ದನ್ನಲ್ಲ. ಅವಳು ಅಮ್ಮನ ಪಕ್ಕ ಕುಳಿತು ಒತ್ತಿದ್ದಾಳೆ, ಆ ಪದ ಅವಳಿಗೆ ಗೊತ್ತು. 'ಹಪ್ಪಳ' ಎಂದೇ ಇಡಿ, ಇದು ಉಳಿಸಿಕೊಳ್ಳುವ ಎರಡನೆಯ ಪದ. 'ಕಣ್ಣಿಗೆ ಕಟ್ಟಿದ ಹಾಗಿದೆ' ಎಂಬುದು "ಐ ಕ್ಯಾನ್ ಸ್ಟಿಲ್ ಸೀ ಯು" ಎಂಬಲ್ಲಿ ಪೂರ್ತಿಯಾಗಿ ಬರುತ್ತದೆ.

ಮಧೂರಿನ ವಾಕ್ಯದಲ್ಲಿ ಸೇವೆ, ಅಪ್ಪ, ಪ್ರಸಾದ ಎಂಬ ಮೂರು ಪದಗಳಿವೆ. ಮಧೂರಿನ ಗಣಪತಿಗೆ ಅಪ್ಪ ಎಂದರೆ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ, ಅಲ್ಲಿ ಮಾತ್ರ ಮೂರು ವಿವರಣೆ ಬೇಕಾದೀತು. ವಾಕ್ಯದ ತಿರುಳು 'ನಿನ್ನ ಹೆಸರಿನಲ್ಲಿ' ಎಂಬುದು. ಅಮ್ಮ ಹೋಗಿ ದೇವರ ಮುಂದೆ ಅವಳ ಹೆಸರು ಹೇಳಿಸಿದ್ದಾರೆ. ಅದನ್ನು ಮುಂದಿಟ್ಟು ಉಳಿದದ್ದನ್ನು ಹಗುರ ಮಾಡಿ: "ಐ ವೆಂಟ್ ಟು ಅವರ್ ಗಣಪತಿ ಟೆಂಪಲ್ ಅಟ್ ಮಧೂರು ಆ್ಯಂಡ್ ಹ್ಯಾಡ್ ಪ್ರೇಯರ್ಸ್ ಸೆಡ್ ಇನ್ ಯುವರ್ ನೇಮ್." ಸೊಸೆಯ ಧರ್ಮ ಬೇರೆಯಾಗಿದ್ದರೂ ಈ ವಾಕ್ಯ ಅವಳಿಂದ ಏನನ್ನೂ ಕೇಳುವುದಿಲ್ಲ, ಅಮ್ಮ ಏನು ಮಾಡಿದರು ಎಂದಷ್ಟೇ ಹೇಳುತ್ತದೆ.

ಸೇವೆಗೆ ಹೆಸರಿನ ಜೊತೆ ನಕ್ಷತ್ರವನ್ನೂ ಹೇಳುವ ರೂಢಿಯಿಂದ ಕೆಲವು ಅಮ್ಮಂದಿರು "ನಿನ್ನ ನಕ್ಷತ್ರ ರೋಹಿಣಿ" ಎಂದೂ ಬರೆಯುತ್ತಾರೆ. ಇದನ್ನು 'ಸ್ಟಾರ್ ಸೈನ್' ಎಂದು ಮಾಡಬಾರದು. ಇಂಗ್ಲಿಷಿನಲ್ಲಿ ಆ ಮಾತು ಹುಟ್ಟಿದ ತಾರೀಕಿನಿಂದ ಹೇಳುವ 12 ರಾಶಿಗಳಿಗೆ ಸಲ್ಲುತ್ತದೆ, ನಮ್ಮದು ಚಂದ್ರನ ಜಾಗ ನೋಡಿ ಹೇಳುವ 27 ನಕ್ಷತ್ರಗಳ ಲೆಕ್ಕ. 'ಬರ್ತ್ ಸ್ಟಾರ್' ಎಂದರೆ ಗೊಂದಲವಾಗದು. ನಕ್ಷತ್ರದ ಪ್ರಕಾರ ಹುಟ್ಟಿದ ದಿನ ಪ್ರತಿ ವರ್ಷ ಬೇರೆ ತಾರೀಕಿಗೆ ಬರುವುದರಿಂದ, ಸಂದೇಶ ಕಳುಹಿಸಬೇಕಾದದ್ದು ಅವಳು ಆಚರಿಸುವ ತಾರೀಕಿಗೆ ಎಂಬುದನ್ನೂ ಅಮ್ಮನಿಗೆ ಮೊದಲೇ ಹೇಳಿಬಿಡಿ.

7. ಕ್ರಮ ಬದಲಿಸಿ, ಜೋಡಿಸಿ, ಅಮ್ಮನಿಗೆ ಓದಿ ಹೇಳಿ

ನಮ್ಮ ಪತ್ರ ಕ್ಷೇಮಸಮಾಚಾರದಿಂದ ಆರಂಭವಾಗುತ್ತದೆ. ಹುಟ್ಟುಹಬ್ಬದ ಇಂಗ್ಲಿಷ್ ಸಂದೇಶದಲ್ಲಿ ಮೊದಲ ಸಾಲು ಅವಳದ್ದಾಗಿರಲಿ, 'ನಾವೆಲ್ಲ ಕ್ಷೇಮ' ಎಂಬುದು ಕೊನೆಗೆ ಹೋಗಲಿ. ಕೊನೆಯ ಸಹಿಯಲ್ಲಿ 'ಯುವರ್ ಮದರ್ ಇನ್ ಲಾ' ಬೇಡ. ಸೊಸೆ ಏನೆಂದು ಕರೆಯುತ್ತಾಳೋ ಆ ಹೆಸರು ಇರಲಿ. ಜೋಡಿಸಿದ ಸಂದೇಶ ಹೀಗಾಗುತ್ತದೆ. ಗೆರೆ ಇರುವಲ್ಲಿ ಸೊಸೆಯ ಹೆಸರು.

"ಹ್ಯಾಪಿ ಬರ್ತ್‌ಡೇ, ಮೈ ಡಿಯರ್ ——, ಆ್ಯಂಡ್ ಮೆನಿ ಹ್ಯಾಪಿ ರಿಟರ್ನ್ಸ್. ಇನ್ ಅವರ್ ಹೌಸ್ ವಿ ಕಾಲ್ ಅವರ್ ಗರ್ಲ್ಸ್ ಕೂಸು, ಆ್ಯಂಡ್ ಯು ಆರ್ ಅವರ್ ಕೂಸು. ಮೇ ಗಾಡ್ ಕೀಪ್ ಯು ವೆಲ್, ಆ್ಯಂಡ್ ಮೇಕ್ ಶ್ಯೂರ್ ಯು ನೆವರ್ ಗೋ ಶಾರ್ಟ್ ಆಫ್ ಎನಿಥಿಂಗ್. ಐ ಹೋಪ್ ದಿಸ್ ಇಯರ್ ಗಿವ್ಸ್ ಯು ಪ್ಲೆಂಟಿ ಟು ಲಾಫ್ ಅಬೌಟ್. ಅವರ್ ಹೋಮ್ ಹ್ಯಾಸ್ ಫೆಲ್ಟ್ ಕಂಪ್ಲೀಟ್ ಸಿನ್ಸ್ ಯು ಕೇಮ್ ಇಂಟು ಇಟ್. ಐ ಕ್ಯಾನ್ ಸ್ಟಿಲ್ ಸೀ ಯು ಸಿಟಿಂಗ್ ಬಿಸೈಡ್ ಮಿ ಇನ್ ದ ಯಾರ್ಡ್ ಲಾಸ್ಟ್ ಇಯರ್, ಪ್ರೆಸಿಂಗ್ ಹಪ್ಪಳ. ಐ ಥಿಂಕ್ ಆಫ್ ಯು ಇನ್ ದ್ಯಾಟ್ ಕೋಲ್ಡ್, ಆ್ಯಂಡ್ ಐ ವಿಶ್ ಐ ಕುಡ್ ಪುಟ್ ಎ ಹಾಟ್ ಮೀಲ್ ಇನ್ ಫ್ರಂಟ್ ಆಫ್ ಯು ಟುಡೇ. ಐ ವೆಂಟ್ ಟು ಅವರ್ ಗಣಪತಿ ಟೆಂಪಲ್ ಅಟ್ ಮಧೂರು ಆ್ಯಂಡ್ ಹ್ಯಾಡ್ ಪ್ರೇಯರ್ಸ್ ಸೆಡ್ ಇನ್ ಯುವರ್ ನೇಮ್. ವಿ ಆರ್ ಆಲ್ ವೆಲ್ ಹಿಯರ್. ಕಮ್ ಹೋಮ್ ಸೂನ್. ವಿತ್ ಲವ್ ಆ್ಯಂಡ್ ಬ್ಲೆಸಿಂಗ್ಸ್, ಅಮ್ಮ."

ಈಗ ಮರು ಅನುವಾದ ಮಾಡಿ. ಅಂದರೆ ನಿಮ್ಮ ಇಂಗ್ಲಿಷನ್ನೇ ಮೂಲವೆಂದು ತಿಳಿದು, ಹಳೆಯ ಕಾಗದವನ್ನು ನೋಡದೆ, ಅಮ್ಮನಿಗೆ ಕನ್ನಡದಲ್ಲಿ ಹೇಳಿ. ಅವರು ಪ್ರತಿ ವಾಕ್ಯಕ್ಕೂ ಪದವನ್ನಲ್ಲ, ಭಾವವನ್ನು ಒಪ್ಪಬೇಕು. "ನಾನು ಊಟ ಮಾಡು ಅಂದದ್ದು ಎಲ್ಲಿ ಹೋಯಿತು?" ಎಂದು ಕೇಳಿದರೆ, "ನಿನಗೆ ಬಿಸಿ ಊಟ ಬಡಿಸಬೇಕು ಅನ್ನಿಸುತ್ತದೆ ಎಂದು ಬರೆದಿದ್ದೇನೆ" ಎಂದು ಹೇಳಿ ನೋಡಿ. ಒಪ್ಪದಿದ್ದರೆ ಬದಲಿಸಿ. ಪತ್ರ ಅವರದ್ದು, ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ ಕೊನೆಯ ಮಾತು ಅವರದ್ದೇ. ಅಮ್ಮ ಎಂದೂ ಆಡದ ಮಾತನ್ನು ಚೆಂದಕ್ಕಾಗಿ ಸೇರಿಸುವ ಆಸೆ ಈ ಹಂತದಲ್ಲಿ ಬಹಳವಾಗಿ ಬರುತ್ತದೆ; ಅಂಥ ವಾಕ್ಯವನ್ನು ಸೊಸೆ ಮುಂದಿನ ಬಾರಿ ಬಂದಾಗ ನೆನಪಿಸಿದರೆ ಅಮ್ಮನಿಗೆ ಗುರುತು ಸಿಗುವುದಿಲ್ಲ.

ಇದೇ ಕ್ರಮದಲ್ಲಿ ಅಳಿಯನಿಗೋ ಬೀಗರಿಗೋ ಬರೆಯುವಾಗ ಒಂದು ತೊಡಕು ಹೆಚ್ಚು ಬರುತ್ತದೆ. ಕನ್ನಡದ 'ನೀವು' ಕೊಡುವ ಗೌರವವನ್ನು ಇಂಗ್ಲಿಷಿನ 'ಯು' ಕೊಡುವುದಿಲ್ಲ. ಅದನ್ನು 'ಸರ್', 'ರೆಸ್ಪೆಕ್ಟೆಡ್' ಎಂದು ತುಂಬಿಸಲು ಹೋದರೆ ಸಂದೇಶ ಕಚೇರಿಯ ಅರ್ಜಿಯಾಗುತ್ತದೆ. ಅವರು ಮಾಡಿದ ಒಂದು ಉಪಕಾರವನ್ನು ಹೆಸರಿಸಿ ನೆನೆದರೆ ಗೌರವ ತಾನಾಗಿ ಬರುತ್ತದೆ.

8. ಕಳುಹಿಸುವುದು

ಅಮ್ಮ ಕೈಯಲ್ಲಿ ಬರೆದ ಕನ್ನಡದ ಹಾಳೆಯ ಫೋಟೋ ತೆಗೆದು ಮೊದಲು ಅದನ್ನು ಕಳುಹಿಸಿ, ಅದರ ಕೆಳಗೆ ಇಂಗ್ಲಿಷ್ ಸಂದೇಶವನ್ನು ಕಳುಹಿಸಿ. ಸೊಸೆಗೆ ಅಕ್ಷರ ಓದಲು ಬಾರದಿದ್ದರೂ ಅತ್ತೆಯ ಕೈಬರಹ ಕಾಣುತ್ತದೆ, ನೀವು ಬಿಟ್ಟ ವಾಕ್ಯಗಳು ಹಾಳೆಯಲ್ಲಿ ಉಳಿದಿರುತ್ತವೆ, ಮುಂದೊಂದು ದಿನ ಕೇಳಿ ತಿಳಿಯಬಹುದು. ಸಿಹಿಸುದ್ದಿಯಂಥ ಮಾತು ಹಾಳೆಯಲ್ಲಿದ್ದರೆ ಮಾತ್ರ ಅಮ್ಮನಿಂದ ಬೇರೆ ಹಾಳೆ ಬರೆಸಿ. ಅಮ್ಮನಿಗೆ ಮನಸ್ಸಿದ್ದರೆ ಮೇಲಿನ ಕನ್ನಡ ಲಿಪಿಯ ಸಾಲುಗಳಲ್ಲಿ ಮೊದಲ ಎರಡನ್ನು ಓದಿಸಿ ಧ್ವನಿ ಮುದ್ರಿಸಿ. ಪೂರ್ತಿ ಓದಿಸಬೇಡಿ, ಎರಡು ಸಾಲಿನ ನಂತರ ಗಮನವೆಲ್ಲ ಉಚ್ಚಾರಣೆಯ ಮೇಲೆ ಹೋಗಿ ದನಿ ಬಿಗಿಯಾಗುತ್ತದೆ. ಆ ಎರಡು ಸಾಲಿನ ನಂತರ ತಮ್ಮದೇ ಮಾತಿನಲ್ಲಿ "ಒಳ್ಳೆದಾಗಲಿ ಕೂಸೇ" ಎನ್ನಲಿ.

ಸಮಯವನ್ನೂ ನೋಡಿಕೊಳ್ಳಿ. ಇಲ್ಲಿ ರಾತ್ರಿ 12 ಗಂಟೆಯಾದಾಗ ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಾದರೆ ಹಿಂದಿನ ದಿನದ ಸಂಜೆ 6:30, ಗಡಿಯಾರ ಒಂದು ಗಂಟೆ ಮುಂದೆ ಹೋಗುವ ಬೇಸಗೆಯಲ್ಲಾದರೆ 7:30. ನಡುರಾತ್ರಿ ಎದ್ದು ಕಳುಹಿಸಿದರೆ ಅವಳಿಗೆ ಅದು ಹುಟ್ಟುಹಬ್ಬದ ಮುನ್ನಾದಿನ ತಲುಪುತ್ತದೆ. ಇಲ್ಲಿಯ ಮಧ್ಯಾಹ್ನ 12:30ಕ್ಕೆ, ಅಮ್ಮ ಊಟಕ್ಕೆ ಏಳುವ ಮೊದಲು ಕಳುಹಿಸಿದರೆ, ಅಲ್ಲಿ ಬೆಳಿಗ್ಗೆ 7 ಅಥವಾ 8 ಗಂಟೆ.